ಟೀಚರಿಗೆ ಕಳಿಸಿದ ಕೇಕಿನ ಸ್ಟಿಕ್ಕರ್

ಓದುಗರ ಪ್ರಶ್ನೆ:

ಮೇಡಂ, ನಾನು ಮುಂಬಯಿಯ ಭಾಂಡುಪಿನಲ್ಲಿ ಸಣ್ಣ ಕ್ಯಾಂಟೀನ್ ನಡೆಸುವವ, ಊರು ಕುಂದಾಪುರದ ಹತ್ತಿರ. 1984ರಲ್ಲಿ ಹಗಲು ಹೋಟೆಲಿನಲ್ಲಿ ಪ್ಲೇಟು ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದೆ. ನಿದ್ದೆ ತಡೆಯಲಾಗದೆ ಬೆಂಚಿನ ಮೇಲೆಯೇ ಮಲಗಿಬಿಡುತ್ತಿದ್ದೆ. ನಮ್ಮ ಟೀಚರ್ ಎಬ್ಬಿಸುತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನೊಬ್ಬನನ್ನು ಕೂರಿಸಿ ಪಾಠವನ್ನು ಇನ್ನೊಮ್ಮೆ ಹೇಳಿಕೊಡುತ್ತಿದ್ದರು. ಈಗ ಅವರು ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಜೂನಿನಲ್ಲಿ 80 ತುಂಬಿತು. ಅಂದು ಬೆಳಗ್ಗೆ ಗಡಿಬಿಡಿಯಲ್ಲಿ, ನಮ್ಮ ಸೊಸೈಟಿ ಗ್ರೂಪಿನಲ್ಲಿ ಬಂದಿದ್ದ ಮರಾಠಿ ಶುಭಾಶಯದ, ಕೇಕು ಮಿನುಗುವ ಸ್ಟಿಕ್ಕರ್ ಒಂದನ್ನು ಕಳಿಸಿದೆ, ಜೊತೆಗೆ ಐದು 🙏. ಅವರಿಂದ ಸ್ಟಿಕ್ಕರಿನ ಮೂಲೆಯಲ್ಲಿ ಒಂದು 👍 ಬಂತು, ಅಷ್ಟೇ. ಮನಸ್ಸಿಗೆ ಚುಚ್ಚಿದಂತಾಯಿತು. ಸ್ಟಿಕ್ಕರ್ ಕಳಿಸಿದ್ದು ಅಗೌರವವಾಯಿತಾ? ಮಗಳು ಹೇಳುವುದು, ಇಮೋಜಿ ಇಲ್ಲದಿದ್ದರೆ ನಿಮ್ಮ ಮೆಸೇಜು ಬೈದ ಹಾಗಿರುತ್ತದೆ ಅಂತ. ಬರುವ ಏಪ್ರಿಲ್‌ನಲ್ಲಿ ಟೀಚರ ಸಹಸ್ರಚಂದ್ರ ದರ್ಶನ ಇದೆ, ಹಳೆ ವಿದ್ಯಾರ್ಥಿಗಳ ಗ್ರೂಪ್ ಕೂಡ ಮಾಡಿದ್ದಾರೆ. ಆಗ ಏನು ಕಳಿಸಲಿ? ಕನ್ನಡದಲ್ಲಿ ಟೈಪ್ ಮಾಡುವುದು ನನಗೆ ಬಹಳ ನಿಧಾನ.

ತಜ್ಞರ ಉತ್ತರ:

ಆ ಹೆಬ್ಬೆರಳನ್ನು ಕೋಪವೆಂದು ಓದಬೇಡಿ. ಸಂದೇಶದ ಮೂಲೆಯಲ್ಲಿ ಬಂದದ್ದು ಅವರು ಹುಡುಕಿ ಆರಿಸಿದ ಉತ್ತರವಲ್ಲ, ವಾಟ್ಸಾಪ್ 2022ರಲ್ಲಿ ತಂದ ‘ಪ್ರತಿಕ್ರಿಯೆ’ ಎಂಬ ಸೌಲಭ್ಯ. ಸಂದೇಶವನ್ನು ಒತ್ತಿ ಹಿಡಿದರೆ ಒಂದು ಸಾಲು ಮೇಲೆ ಬರುತ್ತದೆ: 👍 ❤️ 😂 😮 😢 🙏. ಸಾಲಿನಲ್ಲಿ ಮೊದಲು ನಿಂತಿರುವುದೇ ಹೆಬ್ಬೆರಳು. ಹದಿಹರೆಯದವರು ಇದನ್ನು ‘ಸರಿ, ಸಾಕು’ ಎಂದು ಮುಖ ತಿರುಗಿಸಿದಂತೆ ಓದುವುದುಂಟು, ನಿಮ್ಮ ಮಗಳೂ ಹಾಗೆ ಓದಬಹುದು. ಪುಣೆಯಲ್ಲಿ ನಾನು ಕಚೇರಿ ಸಿಬ್ಬಂದಿಗೂ ಹಿರಿಯ ನಾಗರಿಕರಿಗೂ ಪತ್ರ, ಮೇಲ್, ಸಂದೇಶ ಬರೆಯುವುದನ್ನು ಕಲಿಸುತ್ತ ಬಂದವಳು. ನನ್ನ ತರಗತಿಗೆ ಬರುವ ಎಪ್ಪತ್ತು ದಾಟಿದವರು 👍 ಒತ್ತುವುದು ‘ತಲುಪಿತು, ನೋಡಿದೆ, ಸಂತೋಷ’ ಎಂಬ ಅರ್ಥದಲ್ಲಿ. ಅದಕ್ಕೆ ಟೈಪ್ ಮಾಡಬೇಕಿಲ್ಲ, ಕನ್ನಡಕ ಹುಡುಕಬೇಕಿಲ್ಲ.

ನಿಮ್ಮನ್ನು ಚುಚ್ಚಿದ್ದು ಬೇರೆ ಏನೋ ಇರಬೇಕು. ಮಿನುಗುವ ಕೇಕಿಗೆ ಟೀಚರಾದರೂ ಇನ್ನೇನು ಉತ್ತರ ಬರೆಯಬಹುದಿತ್ತು? ಅದರಲ್ಲಿ ಅವರ ಹೆಸರಿರಲಿಲ್ಲ, ನಿಮ್ಮ ಸುದ್ದಿ ಇರಲಿಲ್ಲ, ಕೇಳಿದ ಮಾತು ಒಂದೂ ಇರಲಿಲ್ಲ. ಬಾಗಿಲು ತಟ್ಟಿದವರು ಒಳಗೆ ಬಾರದೆ ಹೊಸ್ತಿಲಲ್ಲಿ ಪೊಟ್ಟಣ ಇಟ್ಟು ಹೋದರೆ, ಮನೆಯವರು ಕೈಯೆತ್ತಿ ‘ಆಯ್ತಪ್ಪ’ ಎನ್ನಬಹುದು, ಅಷ್ಟೇ.

ಸ್ಟಿಕ್ಕರ್ ಎಂದರೆ ಅಗೌರವ, ಬರಹ ಎಂದರೆ ಗೌರವ ಎಂದು ಹೇಳುವವರಿದ್ದಾರೆ. ಸಿದ್ಧ ಶುಭಾಶಯ ಕಳಿಸುವುದೇ ತಪ್ಪು, ಹಿಂದಿನವರು ಹಾಗೆ ಮಾಡುತ್ತಿರಲಿಲ್ಲ ಎಂಬ ಮಾತೂ ಕೇಳುತ್ತದೆ. ಅದು ನಿಜವಲ್ಲ. ನಮ್ಮ ದೇಶದಲ್ಲಿ ಶುಭಾಶಯದ ತಂತಿ ಕಳಿಸುವುದು ಹೇಗಿತ್ತು ನೆನಪಿಸಿಕೊಳ್ಳಿ. ತಂತಿ ಕಚೇರಿಯಲ್ಲಿ ದೀಪಾವಳಿಗೆ, ಮದುವೆಗೆ, ಪರೀಕ್ಷೆ ಪಾಸಾದವರಿಗೆ ಎಂದು ಸಿದ್ಧ ವಾಕ್ಯಗಳ ಪಟ್ಟಿ ಇರುತ್ತಿತ್ತು, ಪ್ರತಿ ವಾಕ್ಯಕ್ಕೂ ಒಂದು ಅಂಕಿ. ನೀವು ಅಂಕಿ ಬರೆದುಕೊಟ್ಟರೆ ತಂತಿಯಲ್ಲಿ ಹೋಗುತ್ತಿದ್ದದ್ದು ಅಂಕಿಯೇ. ಆಚೆ ಊರಿನ ಕಚೇರಿಯವರು ಆ ಅಂಕಿಗೆ ಸರಿಯಾದ ವಾಕ್ಯವನ್ನು ಬರೆದು ಮನೆಗೆ ಮುಟ್ಟಿಸುತ್ತಿದ್ದರು. ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಎಷ್ಟೋ ಮದುವೆ ಮನೆಗಳಲ್ಲಿ ಆ ತಂತಿಗಳನ್ನು ಎಲ್ಲರೆದುರು ಓದುತ್ತಿದ್ದರು, ಕಟ್ಟಿ ಇಡುತ್ತಿದ್ದರು. ವಾಕ್ಯ ಸಿದ್ಧವಾಗಿದ್ದರೂ ಅದು ಅಗ್ಗವಾಗಲಿಲ್ಲ. ಯಾಕೆಂದರೆ ಕಾಗದದ ಮೇಲೆ ಯಾರಿಗೆ, ಯಾರಿಂದ ಎಂಬ ಎರಡು ಹೆಸರುಗಳಿದ್ದವು. ಕಳಿಸಿದವರು ಅದಕ್ಕಾಗಿ ನಡೆದು ಹೋಗಿ, ಸರದಿಯಲ್ಲಿ ನಿಂತು, ದುಡ್ಡು ಕೊಟ್ಟಿದ್ದಾರೆ ಎಂಬುದೂ ಓದುವವರಿಗೆ ಗೊತ್ತಿತ್ತು. ಅಂಚೆಯಲ್ಲಿ ಬರುತ್ತಿದ್ದ ದೀಪಾವಳಿ ಕಾರ್ಡಿನಲ್ಲೂ ಅಚ್ಚಾದ ಪದ್ಯ ಎಲ್ಲರಿಗೂ ಒಂದೇ. ಆದರೆ ಎಡಗಡೆ ಖಾಲಿ ಜಾಗ ಇರುತ್ತಿತ್ತು, ಅಲ್ಲಿ ಎರಡು ಸಾಲು ಕೈಬರಹ ಬೀಳುತ್ತಿತ್ತು.

ಸ್ಟಿಕ್ಕರಿನಲ್ಲಿ ಆ ಎಡಗಡೆಯ ಜಾಗ ಇಲ್ಲ. ಇಮೋಜಿಗೂ ಸ್ಟಿಕ್ಕರಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಮೋಜಿ ನಿಜಕ್ಕೂ ಒಂದು ಅಕ್ಷರ. ಜಪಾನಿನ ಡೊಕೊಮೊ ಕಂಪನಿಯ ಮೊಬೈಲ್ ಸೇವೆಗಾಗಿ 1999ರಲ್ಲಿ 176 ಪುಟ್ಟ ಚಿತ್ರಗಳು ಬಂದವು. ಒಂದೊಂದೂ ಅಡ್ಡ 12, ಉದ್ದ 12 ಚುಕ್ಕೆಗಳ ಒಳಗೆ ಮುಗಿಯಬೇಕಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 2010ರಲ್ಲಿ ನೂರಾರು ಇಮೋಜಿಗಳಿಗೆ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಟ್ಟಿತು. ‘ಕ’ ಅಕ್ಷರಕ್ಕೆ U+0C95 ಇದ್ದಂತೆ, ಮುಗಿದ ಕೈಗಳಿಗೆ U+1F64F. ನಿಮ್ಮ ಫೋನು ಕಳಿಸುವುದು ಆ ಸಂಖ್ಯೆಯನ್ನು, ಚಿತ್ರ ಬಿಡಿಸಿಕೊಳ್ಳುವುದು ಟೀಚರ ಫೋನು. ತಂತಿಯ ಅಂಕಿಯಂತೆಯೇ. ಅಕ್ಷರವಾದ್ದರಿಂದ ಇಮೋಜಿ ವಾಕ್ಯದೊಳಗೆ, ವಾಕ್ಯದ ಕೊನೆಗೆ ಕೂರುತ್ತದೆ. ಮಾತಿನ ಪಕ್ಕದಲ್ಲಿ ನಿಂತು ಅದರ ದನಿ ತಿಳಿಸುವುದು ಅದರ ಕೆಲಸ.

ಸ್ಟಿಕ್ಕರ್ ಅಕ್ಷರವಲ್ಲ, ಚಿತ್ರದ ಕಡತ. ವಾಟ್ಸಾಪಿಗೆ ಅದು 2018ರ ಅಕ್ಟೋಬರಿನಲ್ಲಿ ಬಂತು. ಫೋಟೋ ಕಳಿಸುವಾಗ ಕೆಳಗೆ ಒಂದು ಸಾಲು ಬರೆಯಬಹುದು, ಸ್ಟಿಕ್ಕರಿಗೆ ಹಾಗೆ ಬರೆಯುವ ಜಾಗವಿಲ್ಲ. ಒತ್ತಿದ ಕೂಡಲೇ ಅದೊಂದೇ ಒಂದು ಪೂರ್ತಿ ಸಂದೇಶವಾಗಿ ಹೊರಟುಬಿಡುತ್ತದೆ. ಹಾಗಾಗಿ ಅದು ಮಾತಿನ ಪಕ್ಕ ನಿಲ್ಲುವುದಿಲ್ಲ, ಮಾತಿನ ಜಾಗವನ್ನೇ ಹಿಡಿಯುತ್ತದೆ. ಬರೀ ಇಮೋಜಿಗಳನ್ನೇ ಕಳಿಸಿದರೂ ಹೀಗೇ ಆಗುತ್ತದೆ. ನಿಮ್ಮ ಐದು 🙏 ವಾಕ್ಯವಿಲ್ಲದೆ ಹೋದದ್ದರಿಂದ ಇನ್ನೊಂದು ಸ್ಟಿಕ್ಕರಿನ ಕೆಲಸವನ್ನೇ ಮಾಡಿದವು.

ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ತರಗತಿಯಲ್ಲಿ ನಾನು ಎಲ್ಲರಿಗೂ ಇದನ್ನೇ ಹೇಳುವುದು. ಕಳಿಸುವ ಮೊದಲು ಕೇಳಿಕೊಳ್ಳಿ: ಇದನ್ನು ಒಂದಕ್ಷರ ಬದಲಿಸದೆ ಇನ್ನೂ ಹತ್ತು ಜನರಿಗೆ ಕಳಿಸಬಹುದೇ? ಕಳಿಸಬಹುದು ಎಂದಾದರೆ, ಪಡೆಯುವವರಿಗೂ ಅದು ಗೊತ್ತಾಗುತ್ತದೆ. ಗುಡಿಪಾಡ್ವದ ಬೆಳಗ್ಗೆ ನಿಮ್ಮ ಸೊಸೈಟಿ ಗ್ರೂಪಿನಲ್ಲಿ ಹತ್ತು ಜನರಿಗೆ ಹೋಗುವಂಥದ್ದೇ ಬೇಕು. ಅಲ್ಲಿ ನೂರು ಮನೆಗಳಿವೆ, ಗುಡಿಯ ಸ್ಟಿಕ್ಕರ್ ಹಾಕಿದರೆ ‘ನಾವೂ ಇದ್ದೇವೆ’ ಎಂದಂತಾಯಿತು. ಉದ್ದ ಬರೆದರೆ ಓದುವವರಿಗೇ ತೊಂದರೆ. ಸಂಕ್ರಾಂತಿಗೆ ಅವರು ‘ತಿಳಗುಳ ಘ್ಯಾ, ಗೋಡ ಗೋಡ ಬೋಲಾ’ ಎಂಬ ಸ್ಟಿಕ್ಕರ್ ಹಾಕಿದಾಗ ನೀವು ಎಳ್ಳುಬೆಲ್ಲದ ಸ್ಟಿಕ್ಕರ್ ಹಾಕಿದರೆ ಎರಡು ಮನೆಗಳ ಮಾತು ಒಂದೇ ಎಂದು ಕಾಣುತ್ತದೆ, ಅದು ಚೆಂದವೇ. ದಿನಾ ಮಾತಾಡುವ ಗೆಳೆಯನಿಗೂ ಸ್ಟಿಕ್ಕರ್ ಸಾಕು, ನಿಮ್ಮಿಬ್ಬರ ನಡುವೆ ಮಾತು ಹೇಗೂ ನಡೆದೇ ಇದೆ. ಆದರೆ ವರ್ಷಗಳಿಂದ ಕಾಣದ, ನಿಮಗೆ ಓದು ಕಲಿಸಿದ ಒಬ್ಬರಿಗೆ ಬೇರೆಯವರ ಗ್ರೂಪಿನಿಂದ ಎತ್ತಿದ ಸ್ಟಿಕ್ಕರ್ ಹೋದಾಗ, ಅದು ನಿಮ್ಮ ಮನಸ್ಸಿನಿಂದ ಹೊರಟದ್ದಲ್ಲ ಎಂದು ಅವರಿಗೆ ಕಾಣುತ್ತದೆ. ಅದು ಮರಾಠಿಯಲ್ಲಿದ್ದದ್ದು ತಪ್ಪಲ್ಲ. ಪುಣೆಯಲ್ಲಿರುವ ಅವರಿಗೆ ಮರಾಠಿ ಪರಕೀಯವೂ ಅಲ್ಲ. ಕನ್ನಡ ಅಕ್ಷರ ತಿದ್ದಿಸಿದವರಿಗೆ ಕನ್ನಡದ ಒಂದು ಸಾಲೂ ಬರಲಿಲ್ಲ ಎಂಬುದು ಮಾತ್ರ ಅಲ್ಲಿ ಎದ್ದು ಕಂಡಿರುತ್ತದೆ.

ಮಗಳ ಮಾತಿನಲ್ಲೂ ನಿಜವಿದೆ, ಆದರೆ ಅದಕ್ಕೊಂದು ಮಿತಿಯಿದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದವರು ಕಾಲೇಜು ವಿದ್ಯಾರ್ಥಿಗಳಿಗೆ ಮೊಬೈಲ್ ಸಂದೇಶಗಳನ್ನು ತೋರಿಸಿ ನೋಡಿದಾಗ, ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಅದು ಮನಃಪೂರ್ವಕವಲ್ಲ ಎಂದು ಅವರಿಗೆ ಅನಿಸಿತು. ಅದೇ ಉತ್ತರ ಕೈಬರಹದಲ್ಲಿದ್ದಾಗ ಹಾಗೆ ಅನಿಸಲಿಲ್ಲ. ‘ಸರಿ.’ ಎಂದು ನೀವು ಕಳಿಸಿದಾಗ ಮಗಳಿಗೆ ಬೈದ ಹಾಗೆ ಕೇಳಿಸುವುದು ಈ ಕಾರಣಕ್ಕೆ. ಅವಳಿಗೆ ಬರೆಯುವಾಗ ಒಂದು 😊 ಹಾಕಿ, ನಷ್ಟವಿಲ್ಲ.

ಆದರೆ ಕನ್ನಡಕ್ಕೆ ದನಿ ತೋರಿಸಲು ಅದರದೇ ದಾರಿಗಳಿವೆ. ‘ಬನ್ನಿ’ ಎಂಬುದಕ್ಕೂ ‘ಬನ್ನಿ ಮಾರಾಯ್ರೆ’ ಎಂಬುದಕ್ಕೂ ಎಷ್ಟು ಅಂತರ ಇದೆ ನೋಡಿ. ‘ಊಟ ಆಯ್ತಾ’ ಎಂಬುದು ‘ಊಟ ಆಯ್ತಲ್ಲ ಟೀಚರ್?’ ಆದ ಕೂಡಲೇ ಅದರಲ್ಲಿ ಅಕ್ಕರೆ ಬರುತ್ತದೆ. ನಿಮ್ಮ ಕುಂದಾಪುರದ ಮಾತಿನಲ್ಲಂತೂ ಒಂದು ‘ಮಾರಾಯ’ದೊಳಗೆ ನಗು, ಸಲಿಗೆ, ಬೇಸರ ಎಲ್ಲ ಅಡಗಿರುತ್ತವೆ. ಮಕ್ಕಳು ಎರಡಕ್ಷರದ ಇಂಗ್ಲಿಷಿನಲ್ಲಿ ಬರೆಯುವುದರಿಂದ ಅವರಿಗೆ ನಗುಮುಖ ಹಾಕದೆ ವಿಧಿಯಿಲ್ಲ. ಪೂರ್ತಿ ಕನ್ನಡ ವಾಕ್ಯ ಬರೆಯುವ ನಿಮಗೆ ಅದರ ಹಂಗು ಕಡಿಮೆ.

ಚಿತ್ರದ ಅರ್ಥ ತಪ್ಪಿ ಕೆಡುವುದು ಇನ್ನೊಂದು ಬಗೆ. ನಾನು ಹೆಚ್ಚು ಕಂಡದ್ದು 😂. ಕಣ್ಣಿನ ಬದಿಯ ನೀಲಿ ಹನಿ ನೋಡಿ ಇದು ಅಳುವ ಮುಖ ಎಂದು ಹಿರಿಯರು ಭಾವಿಸುತ್ತಾರೆ. ಇದು ಬಿದ್ದು ಬಿದ್ದು ನಗುವ ಮುಖ. ತರಗತಿಗೆ ಬರುತ್ತಿದ್ದ ನಿವೃತ್ತರೊಬ್ಬರು ಬೀಗರ ಮನೆಯ ಸಾವಿನ ಸುದ್ದಿಗೆ ಇದನ್ನೇ ಕಳಿಸಿ, ತಿಂಗಳಾದ ಮೇಲೆ ವಿಷಯ ತಿಳಿದು ನನ್ನ ಮುಂದೆ ಕಣ್ಣೀರು ಹಾಕಿದರು. 🙂 ಕೂಡ ಹಾಗೆಯೇ, ನಿಮಗೆ ಅದು ಸೌಮ್ಯ ನಗು, ಯುವಕರಲ್ಲಿ ಅನೇಕರಿಗೆ ಒಳಗೊಳಗೇ ಸಿಟ್ಟು. ಕೆನ್ನೆ ಕೆಂಪಾದ 😊 ಎರಡೂ ವಯಸ್ಸಿನವರಿಗೆ ನಗುವಾಗಿಯೇ ಕಾಣುತ್ತದೆ. ಸಂಶಯ ಬಂದರೆ ವಾಟ್ಸಾಪಿನಲ್ಲಿ ನಿಮ್ಮದೇ ಸಂಖ್ಯೆಗೆ ಆ ಒಂದು ಇಮೋಜಿಯನ್ನು ಮಾತ್ರ ಕಳಿಸಿ. ಒಂಟಿಯಾಗಿ ಹೋದ ಇಮೋಜಿ ದೊಡ್ಡದಾಗಿ ತೋರುತ್ತದೆ, ಕನ್ನಡಕವಿಲ್ಲದೆಯೂ ಮುಖಭಾವ ಗೊತ್ತಾಗುತ್ತದೆ.

ಸಾಲಾಗಿ ಐದು 🙏 ಹಾಕುವ ಅಭ್ಯಾಸ ಬಿಡಿ. ಐದು ಸಲ ಕೈಮುಗಿದರೆ ಭಕ್ತಿ ಐದು ಪಟ್ಟಾಗುವುದಿಲ್ಲ. ದೃಷ್ಟಿ ಮಂದವಾದ ಹಿರಿಯರ ಫೋನಿನಲ್ಲಿ ಸಂದೇಶವನ್ನು ಗಟ್ಟಿಯಾಗಿ ಓದುವ ವ್ಯವಸ್ಥೆ ಹಾಕಿಟ್ಟಿರುತ್ತಾರೆ. ಅದು ಪ್ರತಿ ಇಮೋಜಿಯ ಹೆಸರನ್ನೂ ಓದುತ್ತದೆ, ‘ಮುಗಿದ ಕೈ’ ಎಂಬರ್ಥದ ಮಾತನ್ನೇ ಸಾಲಾಗಿ ಕೇಳಬೇಕಾಗುತ್ತದೆ. ಸ್ಟಿಕ್ಕರಿನೊಳಗೆ ಚಿತ್ರವಾಗಿ ಕೂತ ಅಕ್ಷರಗಳನ್ನು ಅದು ಬರಹದಂತೆ ಓದಿ ಹೇಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ಈಗ ಏಪ್ರಿಲ್. ನೀವು ನನಗೆ ಬರೆದದ್ದನ್ನು ಇನ್ನೊಮ್ಮೆ ಓದಿ. ನಿದ್ದೆ ಹೋದ ಹುಡುಗನನ್ನು ಎಬ್ಬಿಸದೆ, ಎಲ್ಲರೂ ಹೋದ ಮೇಲೆ ಪಾಠ ಹೇಳಿಕೊಟ್ಟ ಮಾತು. ನನ್ನಂಥ ಅಪರಿಚಿತಳಿಗೆ ಅದನ್ನು ಬರೆದಿದ್ದೀರಿ, ಅವರಿಗೆ ಬರೆದಿಲ್ಲ. ಹತ್ತು ಜನರಿಗೆ ಕಳಿಸಲಾಗದ ಸಂದೇಶ ಎಂದು ನಾನು ಹೇಳಿದ್ದು ಇದನ್ನೇ. ಅವರಿಗೆ ನೇರವಾಗಿ, ಗ್ರೂಪಿನಲ್ಲಲ್ಲ, ಹೀಗೆ ಬರೆಯಬಹುದು:

“ಟೀಚರಿಗೆ ನಮಸ್ಕಾರಗಳು. ನಾನು ರಾತ್ರಿಶಾಲೆಯ 1984ರ ನಿಮ್ಮ ವಿದ್ಯಾರ್ಥಿ, ಭಾಂಡುಪಿನಿಂದ. ತರಗತಿಯಲ್ಲಿ ನಿದ್ದೆ ಹೋಗುತ್ತಿದ್ದ ನನ್ನನ್ನು ನೀವು ಒಂದು ದಿನವೂ ಎಬ್ಬಿಸಲಿಲ್ಲ, ಎಲ್ಲರೂ ಹೋದ ಮೇಲೆ ಪಾಠ ಮತ್ತೆ ಹೇಳಿಕೊಟ್ಟಿರಿ. ಇವತ್ತು ನನ್ನ ಕ್ಯಾಂಟೀನಿನ ಲೆಕ್ಕ ನಾನೇ ಬರೆಯುತ್ತೇನೆ. ಸಹಸ್ರಚಂದ್ರ ದರ್ಶನಕ್ಕೆ ಪುಣೆಗೆ ಬಂದು ನಿಮ್ಮ ಆಶೀರ್ವಾದ ಪಡೆಯುತ್ತೇನೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆ ಟೀಚರ್, ಈ ಸಲ ನಿದ್ದೆ ಮಾಡುವುದಿಲ್ಲ 😊”

‘ವಿದ್ಯಾರ್ಥಿ’ ಎಂಬಲ್ಲಿ ನಿಮ್ಮ ಹೆಸರು ಸೇರಿಸಿ, ಸಂಖ್ಯೆ ಅವರ ಫೋನಿನಲ್ಲಿ ಉಳಿಸಿದೆಯೋ ಇಲ್ಲವೋ ಯಾರಿಗೆ ಗೊತ್ತು. ಲೆಕ್ಕ ಬರೆಯುವವರು ಬೇರೆ ಇದ್ದರೆ ಆ ಸಾಲನ್ನು ನಿಮಗೆ ನಿಜವಾದದ್ದಕ್ಕೆ ಬದಲಿಸಿ. ಇಲ್ಲಿ 🙏 ಬೇಕಿಲ್ಲ, ‘ನಮಸ್ಕಾರಗಳು’, ‘ಆಶೀರ್ವಾದ’ ಎಂಬ ಮಾತುಗಳು ಆ ಕೆಲಸ ಮಾಡಿವೆ. ನಗುಮುಖ ಮಾತ್ರ ಬೇಕು. ಕೊನೆಯ ಸಾಲನ್ನು ಬರಿದೇ ಓದಿದರೆ ಅದು ತಪ್ಪೊಪ್ಪಿಗೆಯೂ ಆಗಬಹುದು, ಸಲಿಗೆಯೂ ಆಗಬಹುದು. ನಗುತ್ತ ಹೇಳುತ್ತಿದ್ದೀರಿ ಎಂಬುದು ಅವರಿಗೆ ಗೊತ್ತಾಗಬೇಕು, ಎದುರಿದ್ದರೆ ಮುಖ ನೋಡಿ ಗೊತ್ತಾಗುತ್ತಿತ್ತು. ವಾಕ್ಯಕ್ಕೆ ಕಾಣಿಸಲಾಗದ್ದನ್ನು ಕಾಣಿಸಲು ಇಮೋಜಿ ಬಂದರೆ ಅದು ಸರಿಯಾದ ಜಾಗ. ಹೇಳಿದ್ದನ್ನೇ ಮತ್ತೆ ಹೇಳಲು ಬಂದರೆ ಬಿಟ್ಟುಬಿಡಿ.

ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಇಷ್ಟು ಬೇಡ. ಒಂದೇ ಸಾಲು ಸಾಕು, “ಸಾವಿರ ಹುಣ್ಣಿಮೆ ಕಂಡ ನಮ್ಮ ಟೀಚರಿಗೆ ನಮಸ್ಕಾರ 🌕” ಎಂದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.53 ದಿನ, ಸಾವಿರ ಹುಣ್ಣಿಮೆಗೆ 80 ವರ್ಷ 10 ತಿಂಗಳ ಹತ್ತಿರ. ಜೂನಿನಲ್ಲಿ 80 ತುಂಬಿದವರಿಗೆ ಏಪ್ರಿಲ್ ಎಂದು ಅವರ ಮನೆಯವರು ಲೆಕ್ಕ ಹಾಕಿಯೇ ಇಟ್ಟಿದ್ದಾರೆ. 🎂 ಯಾರ ಹುಟ್ಟುಹಬ್ಬಕ್ಕೂ ಸಲ್ಲುತ್ತದೆ, ಶಾಂತಿ ಹೋಮದ ದಿನಕ್ಕೆ ಹೊಂದುವುದೂ ಇಲ್ಲ. 🌕 ಆ ದಿನದ ಅರ್ಥಕ್ಕೆ ಮಾತ್ರ ಸೇರಿದ್ದು. ಆರಿಸುವಾಗ ಕಣ್ಣಿಟ್ಟು ನೋಡಿ, ಚಂದ್ರರೆಲ್ಲ ಒಂದೇ ಕಡೆ ಇರುತ್ತಾರೆ, ಅಲ್ಲೇ 🌚 ಎಂಬ ಕಪ್ಪು ಮುಖವೂ ಇದೆ. ಅದು ಅಮಾವಾಸ್ಯೆಯ ಚಂದ್ರ, ಹುಡುಗರು ಅದನ್ನು ಕುಚೋದ್ಯಕ್ಕೆ ಬಳಸುತ್ತಾರೆ.

ಟೈಪ್ ಮಾಡುವ ಕಷ್ಟಕ್ಕೆ ಬರೋಣ, ಸ್ಟಿಕ್ಕರಿಗೆ ಕೈ ಹೋಗುವ ನಿಜವಾದ ಕಾರಣ ಎಷ್ಟೋ ಜನರಿಗೆ ಇದೇ. ಆಂಡ್ರಾಯ್ಡ್ ಫೋನಿನಲ್ಲಿ Gboard ಕೀಲಿಮಣೆ ಇದ್ದರೆ ಅದರ ಸೆಟ್ಟಿಂಗಿನಲ್ಲಿ Languages, ಆಮೇಲೆ Add keyboard ಒತ್ತಿ ಕನ್ನಡ ಸೇರಿಸಿ. ಬರೆಯುವಾಗ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ನಿಧಾನವಾಗಿ ಹೇಳಿದರೆ ಅಕ್ಷರ ಮೂಡುತ್ತದೆ. ಕ್ಯಾಂಟೀನಿನ ಗದ್ದಲದಲ್ಲಿ ಮಾಡಬೇಡಿ, ಪದಗಳು ತಪ್ಪುತ್ತವೆ. ವಿರಾಮಚಿಹ್ನೆಗಳನ್ನು ಆಮೇಲೆ ನೀವೇ ನೋಡಿ ಹಾಕಿ. ಒತ್ತಕ್ಷರಗಳನ್ನೂ ಹೆಸರುಗಳನ್ನೂ ಒಮ್ಮೆ ಓದಿ ಸರಿಮಾಡಿ, ಓದುವವರು ಟೀಚರ್.

ದನಿ ಸಂದೇಶ ಕಳಿಸುವ ದಾರಿಯೂ ಇದೆ. ಅದರಲ್ಲಿ ನಿಮ್ಮ ದನಿಯೇ ತಲುಪುತ್ತದೆ. ಆದರೆ ಎಂಬತ್ತರ ಕಿವಿಗೆ ಫೋನಿನ ಸಣ್ಣ ಸ್ಪೀಕರಿನಲ್ಲಿ ಬರುವ ಉದ್ದ ಮಾತು ಹಿಡಿಸುವುದಿಲ್ಲ, ಒಂದು ನಿಮಿಷದೊಳಗೆ ಮುಗಿಸಬೇಕು. ಮತ್ತೆ ಓದಿಕೊಳ್ಳಲು ಆಗುವುದಿಲ್ಲ ಎಂಬ ಕೊರತೆಯೂ ಇದೆ.

ನನ್ನನ್ನು ಕೇಳಿದರೆ ಇದಕ್ಕಿಂತಲೂ ಒಳ್ಳೆಯದು ಇನ್ನೊಂದಿದೆ. ಮೇಲಿನ ಆರು ಸಾಲನ್ನು ಗೆರೆ ಎಳೆದ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ, ಅಕ್ಷರ ದಪ್ಪಗೆ ಬರೆಯಿರಿ. ಹಗಲು ಕಿಟಕಿಯ ಬಳಿ ಇಟ್ಟು, ನಿಮ್ಮ ಕೈಯ ನೆರಳು ಬೀಳದಂತೆ ಮೇಲಿನಿಂದ ನೇರವಾಗಿ ಫೋಟೋ ತೆಗೆಯಿರಿ. ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಹಾಳೆ ಬೂದುಬಣ್ಣವಾಗಿ ಅಕ್ಷರ ಮಸುಕಾಗುತ್ತದೆ. ಫೋಟೋ ಕಳಿಸುವಾಗ ಕೆಳಗಿನ ಜಾಗದಲ್ಲಿ ನಿಮ್ಮ ಹೆಸರು ಬರೆಯಿರಿ. ಈ ಚಿತ್ರಕ್ಕೆ ಇಮೋಜಿ ಬೇಡ, ನಿದ್ದೆಯ ಸಾಲಿನ ಪಕ್ಕ ಪೆನ್ನಿನಲ್ಲೇ ಒಂದು ನಗುಮುಖ ಬಿಡಿಸಿದರೂ ಆಯಿತು. ಅವರು ತಿದ್ದಿಸಿದ ಅಕ್ಷರ ಇಷ್ಟು ವರ್ಷಗಳ ಮೇಲೆ ಹೇಗಿದೆ ಎಂದು ಅವರಿಗೆ ಕಾಣುತ್ತದೆ. ಹಾಳೆಯನ್ನು ಎಸೆಯಬೇಡಿ, ಪುಣೆಗೆ ಹೋಗುವಾಗ ಮಡಚಿ ಜೇಬಿನಲ್ಲಿಟ್ಟುಕೊಳ್ಳಿ.

ಕಳಿಸುವುದನ್ನು ಹಿಂದಿನ ದಿನ ಸಂಜೆಗೇ ಮುಗಿಸಿ. ಸಮಾರಂಭದ ಬೆಳಗ್ಗೆ ಅವರ ಫೋನಿನಲ್ಲಿ ಕೇಕು, ದೀಪ, ಹೂಗುಚ್ಛಗಳ ಮಳೆ ಸುರಿದಿರುತ್ತದೆ, ನಿಮ್ಮ ಸಾಲುಗಳು ಅದರಡಿ ಸೇರಿಹೋಗುತ್ತವೆ. ಜೂನಿನ ಸ್ಟಿಕ್ಕರಿಗೆ ಈಗ ಕ್ಷಮೆ ಕೇಳುವ ಅಗತ್ಯವಿಲ್ಲ, ಅದು ಅವರಿಗೂ ಮುಜುಗರ. ಆ ಆರು ಸಾಲಿಗೂ ಮೂಲೆಯಲ್ಲಿ ಒಂದು 👍 ಮಾತ್ರ ಬಂದರೆ, ಟೀಚರ್ ಓದಿದ್ದಾರೆ ಎಂದುಕೊಳ್ಳಿ. ಉಳಿದ ಮಾತು ಪುಣೆಯಲ್ಲಿ, ಮುಂದಿನ ಸಾಲಿನಲ್ಲಿ.